ವಿಷಯ: 7ನೇ ತರಗತಿ 'ಬಿ' ವಿಭಾಗದ ನನ್ನ ಮಗಳು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿರುವ ಬಗ್ಗೆ

ದಾವಣಗೆರೆ
18 ಆಗಸ್ಟ್ 2025, ಸೋಮವಾರ

ಮಾನ್ಯ ಪ್ರಾಂಶುಪಾಲರಿಗೆ,

ನಮಸ್ಕಾರ ಮೇಡಂ. ನಾನು 7ನೇ ತರಗತಿ 'ಬಿ' ವಿಭಾಗದ ಸಿಂಚನಾಳ ತಾಯಿ, ಸವಿತಾ. ಜುಲೈ 26ರ ಪೋಷಕರ ಸಭೆಯಲ್ಲಿ ನಿಮ್ಮ ಜೊತೆ ಎರಡು ನಿಮಿಷ ಮಾತಾಡಿದ್ದೆ. ಹುಡುಗಿಯರ ಶೌಚಾಲಯದ ವಿಷಯ ಅವತ್ತೇ ಹೇಳಬೇಕಿತ್ತು. ಸುತ್ತ ಅಷ್ಟೊಂದು ಜನ ಇದ್ದರು, ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ಸಿಂಚನಾಗೆ ಈ ಎರಡು ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕಾಗಿದೆ. ಮೊದಲನೇದು ಜುಲೈ 8ಕ್ಕೆ. ಉರಿ ಅಂತ ಅತ್ತಳು. ಡಾಕ್ಟರು ಐದು ದಿನ ಮಾತ್ರೆ ಕೊಟ್ಟರು, ಹುಷಾರಾದಳು. ಎರಡನೇದು ಹೋದ ವಾರ. ಆಗಸ್ಟ್ 10ರ ರಾತ್ರಿ 102 ಡಿಗ್ರಿ ಜ್ವರ, ಚಳಿ, ಬೆನ್ನು ನೋವು. ಈ ಸಲ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ವಾರ ಪೂರ್ತಿ ಅವಳು ಶಾಲೆಗೆ ಬಂದಿಲ್ಲ. 15ನೇ ತಾರೀಕಿನ ಧ್ವಜಾರೋಹಣಕ್ಕೂ ಬರಲಾಗಲಿಲ್ಲ. ಲೇಜಿಮ್‌ ತಂಡದಲ್ಲಿ ಮೊದಲನೇ ಸಾಲಿನಲ್ಲಿದ್ದಳು ಮೇಡಂ, ಇಸ್ತ್ರಿ ಮಾಡಿಟ್ಟ ಬಿಳಿ ಯೂನಿಫಾರ್ಮ್‌ ಕುರ್ಚಿ ಮೇಲೆ ಹಾಗೇ ಇತ್ತು.

ಡಾಕ್ಟರು ಅವಳನ್ನು ಕೇಳಿದ ಮೊದಲ ಪ್ರಶ್ನೆ, "ಶಾಲೆಯಲ್ಲಿ ಎಷ್ಟು ಸಲ ಬಾತ್‌ರೂಮಿಗೆ ಹೋಗ್ತೀಯಮ್ಮಾ?" ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು, ಆಮೇಲೆ "ಹೋಗಲ್ಲ" ಅಂದಳು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟವಳು ಸಂಜೆ ನಾಲ್ಕೂಕಾಲಿಗೆ ಬರುತ್ತಾಳೆ. ಹತ್ತಿರ ಹತ್ತಿರ ಎಂಟು ಗಂಟೆ. ಎರಡು ಮೂರು ಗಂಟೆಗೊಮ್ಮೆಯಾದರೂ ಹೋಗಲೇಬೇಕು, ತಡೆದುಕೊಂಡಷ್ಟೂ ಸೋಂಕು ತಿರುಗಿ ಬರುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಕಿಡ್ನಿಗೆ ಹತ್ತಿದರೆ ಕಷ್ಟ ಅಂತಲೂ ಅಂದರು.

ನನಗೆ ಗೊತ್ತಾಗದೇ ಇದ್ದದ್ದು ಹೇಗೆ ಅಂತ ನೀವು ಕೇಳಬಹುದು. ಬಾಟಲಿ ದಿನಾ ಖಾಲಿ ಬರುತ್ತಿತ್ತು. ಒಂದು ಲೀಟರಿನ ಸ್ಟೀಲ್‌ ಬಾಟಲಿ. ಖಾಲಿ ಬಂದರೆ ಕುಡಿದಿದ್ದಾಳೆ ಅಂದುಕೊಂಡಿದ್ದೆ. ಆಗಸ್ಟ್‌ ಮೊದಲನೇ ವಾರ ಒಂದಿನ ನಾನು ಆಫೀಸಿನಿಂದ ಬೇಗ ಬಂದಿದ್ದೆ. ಕಿಟಕಿಯಿಂದ ನೋಡುತ್ತೇನೆ, ಇವಳು ಗೇಟಿನ ಪಕ್ಕದ ದಾಸವಾಳದ ಗಿಡದ ಬುಡಕ್ಕೆ ಬಾಟಲಿ ನೀರನ್ನೆಲ್ಲ ಸುರಿಯುತ್ತಿದ್ದಾಳೆ. ಸುರಿದು, ಕೊನೇ ಹನಿ ಬೀಳೋವರೆಗೂ ಬಾಟಲಿ ಅಲ್ಲಾಡಿಸಿ, ಮುಚ್ಚಳ ಹಾಕಿ, ಆಮೇಲೆ ಒಳಗೆ ಬಂದಳು. ಕೇಳಿದ್ದಕ್ಕೆ, "ಕುಡಿದರೆ ಹೋಗಬೇಕಾಗತ್ತಲ್ವಾ ಅಮ್ಮಾ" ಅಂದಳು.

ಹನ್ನೆರಡು ವರ್ಷದ ಹುಡುಗಿ ಬಾಯಾರಿಕೆ ತಡೆದುಕೊಂಡು ಪಾಠ ಕೇಳುತ್ತಿದ್ದಾಳೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ನಮ್ಮ ಶಾಲೆಯಲ್ಲಿ ದಿನಾ ನೀರಿನ ಗಂಟೆ ಬಾರಿಸುತ್ತೀರಿ. ನನಗೆ ಅದು ತುಂಬಾ ಇಷ್ಟವಾದ ಪದ್ಧತಿ. ಆದರೆ ಗಂಟೆ ಹೊಡೆದಾಗ ಇವಳೂ ಇವಳ ಬೆಂಚಿನವರೂ ಬಾಟಲಿ ಎತ್ತಿ ತುಟಿಗೆ ತಾಗಿಸಿ ಇಳಿಸುತ್ತಾರಂತೆ.

ಯಾಕೆ ಹೋಗುವುದಿಲ್ಲ ಅಂತ ಅವಳು ಹೇಳಿದ್ದನ್ನು ಮಾತ್ರ ನಂಬಿ ನಾನು ಬರೆಯುತ್ತಿಲ್ಲ. ಪೋಷಕರ ಸಭೆಯ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾನೇ ಹುಡುಗಿಯರ ಶೌಚಾಲಯಕ್ಕೆ ಹೋಗಿದ್ದೆ. ಮೊದಲನೇ ಮಹಡಿ, ಲ್ಯಾಬ್‌ ಪಕ್ಕದ್ದು. ಮೂರು ಬಾಗಿಲಿವೆ. ಒಂದಕ್ಕೆ ಬೀಗ. ಇನ್ನೊಂದರ ಚಿಲಕ ಕಿತ್ತು ಹೋಗಿ ಬರೀ ಸ್ಕ್ರೂ ತೂತುಗಳು ಉಳಿದಿವೆ. ಆ ತೂತಿಗೆ ಯಾರೋ ಮಗು ಕೂದಲಿನ ರಿಬ್ಬನ್‌ ಕಟ್ಟಿತ್ತು, ಒಳಗಿನಿಂದ ಎಳೆದು ಹಿಡಿದುಕೊಳ್ಳೋಕೆ. ಕೆಂಪು ರಿಬ್ಬನ್‌, ನಮ್ಮ ಯೂನಿಫಾರ್ಮಿನದೇ. ಅದನ್ನು ನೋಡಿದ ಮೇಲೆ ನನಗೆ ಸಭೆಯಲ್ಲಿ ಕೂತು ಅಂಕಗಳ ಮಾತು ಕೇಳೋಕೆ ಆಗಲಿಲ್ಲ. ಮೂರನೇ ಬಾಗಿಲು ಸರಿ ಇದೆ, ಆದರೆ ನಲ್ಲಿಯಲ್ಲಿ ನೀರಿರಲಿಲ್ಲ. ಬಕೆಟ್‌ ಇತ್ತು, ಮಗ್‌ ಇರಲಿಲ್ಲ. ಸೋಪಂತೂ ಎಲ್ಲೂ ಕಾಣಲಿಲ್ಲ.

ಬೆಳಿಗ್ಗೆ ಆಯಮ್ಮ ತೊಳೆದು ಹೋಗುತ್ತಾರೆ, ಹನ್ನೊಂದರವರೆಗೆ ಪರವಾಗಿಲ್ಲ, ಆಮೇಲೆ ಮೇಲಿನ ಸಿಂಟೆಕ್ಸ್‌ ಖಾಲಿಯಾಗತ್ತೆ ಅಂತ ಮಕ್ಕಳು ಹೇಳುತ್ತಾರೆ. ಮೇಡಂ, ಇದರಲ್ಲಿ ಆಯಮ್ಮನ ತಪ್ಪು ಏನೂ ಇಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ ಅವರೊಬ್ಬರೇ. ನನ್ನ ಪತ್ರದಿಂದ ಅವರಿಗೆ ಬೈಗುಳ ಬಿದ್ದರೆ ನನಗೆ ಬೇಜಾರಾಗುತ್ತದೆ.

ಸಮಯದ ವಿಷಯವೂ ಇದೆ. ಬೆಳಗಿನ ವಿರಾಮ ಹತ್ತು ನಿಮಿಷ. ಆ ಮಹಡಿಯಲ್ಲಿ 5ರಿಂದ 7ನೇ ತರಗತಿವರೆಗೆ ಹುಡುಗಿಯರು ಸುಮಾರು 110 ಜನ ಇದ್ದಾರೆ. ಬಾಗಿಲು ಹಾಕಿಕೊಳ್ಳಲು ಬರುವುದು ಒಂದೇ. ಒಬ್ಬೊಬ್ಬರಿಗೆ ಎರಡು ನಿಮಿಷ ಅಂದರೂ ಹತ್ತು ನಿಮಿಷದಲ್ಲಿ ಐದು ಜನ. ಉಳಿದವರು ಸಾಲಲ್ಲಿ ನಿಂತು, ಬೆಲ್‌ ಹೊಡೆದ ಮೇಲೆ ಹಾಗೇ ವಾಪಸ್‌. ಕ್ಲಾಸ್‌ ನಡೆಯುವಾಗ ಕೇಳಿದರೆ, "ಬ್ರೇಕಲ್ಲಿ ಏನ್‌ ಮಾಡ್ತಿದ್ದೆ?" ಅನ್ನುವ ಮಾತು ಎಲ್ಲರ ಮುಂದೆ ಬರುತ್ತದೆ. ಯಾವ ಟೀಚರ್‌ ಅಂತ ನಾನು ಇಲ್ಲಿ ಹೇಳುವುದಿಲ್ಲ. ಪಾಠದ ಮಧ್ಯೆ ಮಕ್ಕಳು ಎದ್ದು ಎದ್ದು ಹೋದರೆ ಅವರಿಗೂ ಕಷ್ಟವೇ. ಆದರೆ ಗಂಡು ಮಕ್ಕಳ ಮುಂದೆ ಒಂದು ಸಲ ಹಾಗೆ ಅನ್ನಿಸಿಕೊಂಡ ಹುಡುಗಿ ಮತ್ತೆ ಆ ವರ್ಷ ಕೈ ಎತ್ತುವುದಿಲ್ಲ. ನಾವೂ ಆ ವಯಸ್ಸು ದಾಟಿ ಬಂದವರಲ್ವಾ?

ಇನ್ನೊಂದು ವಿಷಯ ನಿಮಗೆ ಮಾತ್ರ ಹೇಳುತ್ತಿದ್ದೇನೆ. ಈ ತರಗತಿಯ ಕೆಲವು ಹುಡುಗಿಯರಿಗೆ ಮುಟ್ಟು ಶುರುವಾಗಿದೆ. ಸಿಂಚನಾಗೆ ಮೇ ರಜೆಯಲ್ಲಿ ಆಯಿತು. ಆ ಶೌಚಾಲಯದಲ್ಲಿ ಮುಚ್ಚಳ ಇರುವ ಕಸದ ಡಬ್ಬಿ ಇಲ್ಲ. ಪ್ಯಾಡ್‌ ಎಲ್ಲಿ ಹಾಕೋದು ಅಂತ ಗೊತ್ತಾಗದೆ, ಒಂದು ಮಗು ಪೇಪರಿನಲ್ಲಿ ಸುತ್ತಿ, ಜಾಮೆಟ್ರಿ ಬಾಕ್ಸಿನ ಕೆಳಗೆ ಬಚ್ಚಿಟ್ಟುಕೊಂಡು ಮನೆಗೆ ಒಯ್ದಿದ್ದಾಳೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಪ್ಯಾಡಿನಲ್ಲಿ ಕೂರುವವರೂ ಇದ್ದಾರೆ. ಇನ್ನು ಕೆಲವರು ಆ ಮೂರು ದಿನ ಹೊಟ್ಟೆನೋವು ಅಂತ ರಜೆ ಹಾಕುತ್ತಾರೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ನಿಮಗೇ ತಿಳಿಯಬಹುದು.

ಕಾನೂನು ಹೇಳಿ ನಿಮ್ಮ ಮೇಲೆ ಒತ್ತಡ ಹಾಕುವ ಉದ್ದೇಶ ನನಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಬೇಕು ಅಂತ ಇರುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸ್ವಚ್ಛ ವಿದ್ಯಾಲಯ ಕೈಪಿಡಿಯಲ್ಲಿ 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಅನ್ನುವ ಲೆಕ್ಕ ಇದೆ. ನಾನು ಸದ್ಯಕ್ಕೆ ಅಷ್ಟು ಕೇಳುತ್ತಿಲ್ಲ. ಇರುವ ಮೂರು ಬಾಗಿಲು ಮೂರೂ ಕೆಲಸಕ್ಕೆ ಬರಲಿ ಅಂತ ಕೇಳುತ್ತಿದ್ದೇನೆ.

ಮೊದಲು ಚಿಲಕ. ಇದು ಈ ವಾರವೇ ಆಗಬೇಕು ಮೇಡಂ, ಇದಕ್ಕೆ ಕಾಯುವುದು ಬೇಡ. ನಮ್ಮ ಮನೆಯವರದು ವೆಲ್ಡಿಂಗ್‌ ಅಂಗಡಿ. ನೀವು ಒಪ್ಪಿದರೆ ಬರುವ ಭಾನುವಾರ ಬೆಳಿಗ್ಗೆ ಅವರೇ ಡ್ರಿಲ್‌ ಮಷೀನ್‌ ತಂದು ಮೂರು ಬಾಗಿಲಿಗೂ ಒಳಗಿನಿಂದ ಗಟ್ಟಿ ಚಿಲಕ ಹಾಕಿಕೊಡುತ್ತಾರೆ. ಸಾಮಾನಿನ ಖರ್ಚೂ ನಮ್ಮದೇ ಇರಲಿ. ವಾಚ್‌ಮನ್‌ ಅಣ್ಣನಿಗೆ ಒಂದು ಮಾತು ಹೇಳಿ ಗೇಟು ತೆಗೆಸಿದರೆ ಸಾಕು. ಬೀಗ ಹಾಕಿರುವುದು ಯಾಕೆ ಅಂತ ನನಗೆ ತಿಳಿಯದು. ಒಳಗೆ ರಿಪೇರಿ ಇದ್ದರೆ ಅದನ್ನೂ ಅವರು ನೋಡಿ ಹೇಳುತ್ತಾರೆ. ಸ್ಟಾಫಿಗೆ ಅಂತ ಇಟ್ಟಿದ್ದರೆ, ವಿರಾಮದ ಹೊತ್ತಿನಲ್ಲಾದರೂ ಮಕ್ಕಳಿಗೆ ತೆಗೆದುಕೊಡಿ.

ಮಧ್ಯಾಹ್ನದ ನೀರಿಗೆ, ಹನ್ನೊಂದಕ್ಕೆ ಒಮ್ಮೆ ಮೋಟರ್‌ ಹಾಕಿಸಿದರೆ ಸಾಲುತ್ತದೋ ಅಥವಾ ಇನ್ನೊಂದು ಟ್ಯಾಂಕ್‌ ಬೇಕೋ, ಅದು ನಿಮಗೇ ಗೊತ್ತು. ಅಲ್ಲಿಯವರೆಗೆ ಎರಡು ಡ್ರಮ್ಮಿನಲ್ಲಿ ನೀರು ತುಂಬಿಸಿಟ್ಟು, ಒಂದೊಂದು ಮಗ್‌ ಇಟ್ಟರೂ ದೊಡ್ಡ ಉಪಕಾರ. ಮುಚ್ಚಳದ ಡಬ್ಬಿ, ಒಂದು ಕಟ್ಟು ಹಳೇ ಪೇಪರು, ಸೋಪು, ಇವನ್ನು ಪ್ರತಿ ತಿಂಗಳು ತಂದುಕೊಡಲು 7ನೇ ತರಗತಿಯ ನಾವು ಮೂವರು ತಾಯಂದಿರು ತಯಾರಿದ್ದೇವೆ. ಆ ಡಬ್ಬಿ ದಿನಾ ಖಾಲಿಯಾಗುವ ವ್ಯವಸ್ಥೆ ಮಾತ್ರ ಶಾಲೆ ಕಡೆಯಿಂದ ಆಗಬೇಕು. ಅದಕ್ಕೆ ಆಯಮ್ಮನಿಗೆ ಕೈಗವಸು ಕೊಡಿಸಿ, ಸಂಬಳದ ಮೇಲೆ ಏನಾದರೂ ಸೇರಿಸಿ ಕೊಡುವುದು ನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಇನ್ನು ಕ್ಲಾಸಿನ ನಡುವೆ ಹೋಗುವ ವಿಷಯ. ಟೀಚರುಗಳ ಮೀಟಿಂಗಿನಲ್ಲಿ ನೀವೇ ಒಂದು ಮಾತು ಹೇಳಿದರೆ ಸಾಕು. ಮಗು ಕೇಳಿದರೆ ಸುಮ್ನೆ ಕಳಿಸಿ, ಕಾರಣ ಕೇಳಬೇಡಿ ಅಂತ. ಹೋಗಿ ಆಟ ಆಡಿಕೊಂಡು ಬರುವವರು ಒಬ್ಬಿಬ್ಬರು ಇರಬಹುದು. ಅವರಿಗೋಸ್ಕರ ಎಲ್ಲರನ್ನೂ ಕೂರಿಸುವುದು ಬೇಡ. ಸಿಂಚನಾಗೆ ಸದ್ಯ ಎರಡು ಗಂಟೆಗೊಮ್ಮೆ ಕಳಿಸಬೇಕು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಇದರ ಜೊತೆ ಲಗತ್ತಿಸಿದ್ದೇನೆ. ಅವಳು ನಾಳೆಯಿಂದ ಶಾಲೆಗೆ ಬರುತ್ತಾಳೆ. ಲ್ಯಾಬ್‌ ರಿಪೋರ್ಟೂ, ಬಾಗಿಲಿನ ಎರಡು ಫೋಟೋಗಳೂ ಇವೆ. ಫೋಟೋಗಳನ್ನು ಬೇರೆ ಯಾರಿಗೂ ಕಳಿಸಿಲ್ಲ, ಪೋಷಕರ ವಾಟ್ಸಾಪ್‌ ಗುಂಪಿಗೂ ಹಾಕಿಲ್ಲ. ಮೊದಲು ನಿಮಗೇ ಹೇಳಬೇಕು ಅಂತ.

ಒಂದು ಕೋರಿಕೆ. ಈ ಪತ್ರ ಬರೆಯಲಾ ಅಂತ ಸಿಂಚನಾಳನ್ನು ಕೇಳಿದೆ. ಮೊದಲು ಬೇಡವೇ ಬೇಡ ಅಂದಳು. ರಾತ್ರಿ ಮಲಗುವಾಗ ಬಂದು, "ಬರಿ, ಆದ್ರೆ ನನ್ನ ಹೆಸರು ಕ್ಲಾಸಲ್ಲಿ ಹೇಳಬಾರದು ಅಂತಾನೂ ಬರಿ" ಅಂದಳು. ಹಾಗಾಗಿ ಅವಳ ಕಾಯಿಲೆಯ ವಿಷಯ ನಿಮ್ಮಲ್ಲಿ ಮತ್ತು ಕ್ಲಾಸ್‌ ಟೀಚರ್‌ ಹತ್ತಿರ ಮಾತ್ರ ಇರಲಿ. ಪ್ರಾರ್ಥನೆಯ ಹೊತ್ತಿನಲ್ಲಿ ಈ ಬಗ್ಗೆ ಮಾತಾಡಿದರೂ 'ಒಬ್ಬ ಹುಡುಗಿಯ ತಾಯಿ ದೂರು ಕೊಟ್ಟಿದ್ದಾರೆ' ಅಂತ ದಯವಿಟ್ಟು ಹೇಳಿಸಬೇಡಿ. ಮಕ್ಕಳು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಾರೆ.

ಹೋದ ವರ್ಷ ಆಟೋಗಳಲ್ಲಿ ಮಕ್ಕಳನ್ನು ತುರುಕಿಕೊಂಡು ಬರುತ್ತಿದ್ದಾಗ, ನೀವೇ ಒಂದು ವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಎಣಿಸಿ, ಡ್ರೈವರುಗಳನ್ನು ಕರೆದು ಮಾತಾಡಿದಿರಿ. ಎರಡೇ ವಾರದಲ್ಲಿ ಸರಿಹೋಯಿತು. ಅದನ್ನು ನೋಡಿದ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ.

ನಿಮಗೆ ಅನುಕೂಲವಾದರೆ ಈ ಗುರುವಾರ, 21ನೇ ತಾರೀಕು, ಸಂಜೆ ನಾಲ್ಕೂವರೆಗೆ ನಾನು ಶಾಲೆಗೆ ಬರಬಲ್ಲೆ. ಇನ್ನಿಬ್ಬರು ತಾಯಂದಿರೂ ಬರುತ್ತಾರೆ. ಅಷ್ಟರೊಳಗೆ ಸಾಧ್ಯವಾದರೆ ನೀವೊಮ್ಮೆ ಮಧ್ಯಾಹ್ನ ಊಟದ ಬೆಲ್‌ ಆದ ಮೇಲೆ ಆ ಮೊದಲನೇ ಮಹಡಿಗೆ ಹೋಗಿ ನೋಡಿ ಬನ್ನಿ ಮೇಡಂ. ಬೆಳಿಗ್ಗೆ ಹೋದರೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಚಿಲಕದ ಕೆಲಸಕ್ಕೆ ಭಾನುವಾರ ಬರಬಹುದೇ ಅಂತ ಶುಕ್ರವಾರದೊಳಗೆ ಒಂದು ಸಾಲು ತಿಳಿಸಿದರೆ ಮನೆಯವರು ಸಾಮಾನು ತಂದಿಟ್ಟುಕೊಳ್ಳುತ್ತಾರೆ.

ವಂದನೆಗಳೊಂದಿಗೆ,

ಸವಿತಾ
(ಸಿಂಚನಾಳ ತಾಯಿ, 7ನೇ ತರಗತಿ 'ಬಿ')

ಲಗತ್ತು: ಡಾಕ್ಟರ ಚೀಟಿ, ಲ್ಯಾಬ್‌ ರಿಪೋರ್ಟ್‌, ಎರಡು ಫೋಟೋ