ಸುಮಾಳ ಜರ್ಮನ್ ನೋಟ್‌ಬುಕ್ಕಿನ ಮೊದಲ ಪುಟಕ್ಕೆ

ಸುಮಾ, ವಾರ್ಡಿನ ಅಜ್ಜಿ ನಿನ್ನ ಜರ್ಮನ್ ಕೇಳಿ ನಕ್ಕರೆಂದು ನಿನ್ನೆ ಫೋನಿನಲ್ಲಿ ಅತ್ತುಬಿಟ್ಟೆ. 38ನೇ ವಯಸ್ಸಿನಲ್ಲಿ ಇದೆಲ್ಲ ನನ್ನಿಂದಾಗದು ಎಂದೆ. ರಾತ್ರಿಯೆಲ್ಲ ಅದೇ ಯೋಚನೆ ನನಗೆ. ಈ ಮಾತುಗಳನ್ನು ಬರೆದುಕೋ, ಡ್ಯೂಟಿಗೆ ಹೊರಡುವ ಮುನ್ನ ಒಂದನ್ನಾದರೂ ಓದು.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?

ತಪ್ಪಿಲ್ಲದ ವಾಕ್ಯ ಬಾಯೊಳಗೇ ಉಳಿದರೆ ರೋಗಿಗೆ ನೀರು ಸಿಗುವುದಿಲ್ಲ. ತಪ್ಪು ವಾಕ್ಯ ಹೊರಬಂದರೆ ಸಿಗುತ್ತದೆ.

ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಪದದ ಲಿಂಗ ತೋರಿಸುವ ದೆರ್, ದೀ, ದಾಸ್‌ಗಳಲ್ಲಿ ತಡವರಿಸುವುದು ದಡ್ಡತನವಲ್ಲ. ಅವುಗಳನ್ನು ಬಾಯಿಗೆ ಕೂರಿಸಬೇಕು, ಅಷ್ಟೇ. ಹಾಡುತ್ತಾ ಹಾಡುತ್ತಾ ರಾಗ.

ನಿನಗೆ ಕನ್ನಡ ಗೊತ್ತಿದೆ, ಅದು ದೊಡ್ಡ ಆಸ್ತಿ. ಇಂಗ್ಲಿಷಿನ ಜಾಡು ಹಿಡಿದು ‘ಇಷ್ ಬಿನ್ ಕಾಲ್ಟ್’ ಎಂದು ಎಡವಿದೆಯಲ್ಲ, ಸರಿಯಾದದ್ದು ‘ಮೀರ್ ಇಸ್ಟ್ ಕಾಲ್ಟ್’. ‘ನನಗೆ ಚಳಿ’ ಎನ್ನುವಾಗಿನ ಆ ‘ನನಗೆ’ಯೇ ‘ಮೀರ್’. ಮಗುವನ್ನು ಅವರು ‘ದಾಸ್ ಕಿಂಟ್’ ಎನ್ನುತ್ತಾರೆ, ನಾವೂ ‘ಮಗು ಬಂತು’ ಎನ್ನುವವರೇ. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಂದಾಗ ಕ್ರಿಯಾಪದ ಕೊನೆಗೆ ಹೋಯಿತೆಂದು ಹೆದರಬೇಡ, ನಮ್ಮಲ್ಲಿ ಅದು ಸದಾ ಕೊನೆಯಲ್ಲೇ ಇರುತ್ತದೆ.

ಅವರು ಹುಬ್ಬೇರಿಸಿ ‘ಬಿಟ್ಟೆ?’ ಎಂದರೆ ಗದರಿಕೆಯಲ್ಲ, ಇನ್ನೊಮ್ಮೆ ಹೇಳಿ ಎಂದರ್ಥ. ಅವರು ಬಿಟ್ಟೆ ಎನ್ನಲಿ, ನೀನು ಮಾತು ಬಿಡಬೇಡ.

ನಗುವೆಲ್ಲ ಗೇಲಿಯಲ್ಲ. ನಮ್ಮ ಬೀದಿಯ ಬೇಕರಿಗೆ ಕೇರಳದಿಂದ ಬಂದಿದ್ದ ಹುಡುಗ ನೆನಪಿದ್ದಾನೆಯೇ? ಮಲಯಾಳದ ಕ್ರಿಯಾಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಪಾಪ, ‘ಅಮ್ಮ ಬಂದ’ ಎಂದುಬಿಟ್ಟಿದ್ದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ‘ಬಂದರು ಅನ್ನಪ್ಪ’ ಎಂದು ತಿದ್ದಿದರು. ಆಮೇಲೆ ಅಮ್ಮ ಬನ್ನಿಗೆ ಬೇರೆ ಅಂಗಡಿಗೆ ಹೋಗಲೇ ಇಲ್ಲ. ನಿನ್ನ ಅಜ್ಜಿಯ ನಗುವೂ ಅಂಥದ್ದೇ ಇರಬಹುದು.

ನೀನಿರುವ ನಾಡಿನಿಂದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ನಮ್ಮ ಕಡೆಗೆ ಬಂದಾಗ ಅವರ ಹುಟ್ಟುನುಡಿ ಕನ್ನಡವಾಗಿರಲಿಲ್ಲ. 1843ರಲ್ಲಿ ಅವರೇ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಕಿಟೆಲ್ ಕೂಡ ದೊಡ್ಡವರಾದ ಮೇಲೆಯೇ ಕನ್ನಡ ಕಲಿತವರು, 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಅವರು ಬಂದ ದಾರಿಯಲ್ಲಿ ನೀನು ಎದುರಿನಿಂದ ನಡೆಯುತ್ತಿರುವೆ.

ದಣಿದ ದಿನ ಒಂದೇ ಪದ ಸಾಕು.

ನಾಚಿಕೆಯಾದರೆ ಆಗಲಿ, ಅದರ ಕೈ ಹಿಡಿದುಕೊಂಡೇ ಮಾತಾಡು.

ನಾಳೆ ಆ ಅಜ್ಜಿಗೆ ತಿಂಡಿ ಕೊಡುವಾಗ ‘ನೊಖ್ ಐನ್‌ಮಾಲ್, ಬಿಟ್ಟೆ’ ಎಂದು ಕೇಳು, ಸರಿಯಾದ ಮಾತನ್ನು ಇನ್ನೊಮ್ಮೆ ಅವರ ಬಾಯಿಂದಲೇ ಹೇಳಿಸಿಕೋ. ಸಂಜೆ ಫೋನ್ ಮಾಡು, ಅವರು ಏನೆಂದರು ಎಂದು ಕೇಳಲು ಕಾದಿರುತ್ತೇನೆ.

ನಿನ್ನ ಅಕ್ಕ