ಕೋಳಿಗೆ ಟಿಕೆಟ್

ತರಗತಿ: 7 | ವಿಷಯ: ಕನ್ನಡ

ಪ್ರಶ್ನೆ: ಕೆಳಗೆ ಒಂದು ಕಥೆಯ ಆರಂಭದ ಸಾಲುಗಳಿವೆ. ಅವನ್ನು ಓದಿ, ಅಲ್ಲಿಂದ ಮುಂದುವರಿಸಿ ನಿಮ್ಮ ಸ್ವಂತ ಮಾತುಗಳಲ್ಲಿ ಕಥೆಯನ್ನು ಪೂರ್ತಿ ಮಾಡಿರಿ. ಕಥೆಯಲ್ಲಿ ಸಂಭಾಷಣೆ ಇರಲಿ. ಸೂಕ್ತ ಶೀರ್ಷಿಕೆ ಕೊಡಿರಿ. (10 ಅಂಕಗಳು)

"ಅಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಊರಿನ ಬಸ್ ಹತ್ತಿದೆ. ತುಂಬಾ ಜನ ಇದ್ದರೂ ಹೇಗೋ ಒಂದು ಸೀಟು ಸಿಕ್ಕಿತು. ಸೀಟಿನ ಕೆಳಗೆ ಯಾರದೋ ಒಂದು ಬಟ್ಟೆ ಚೀಲ ಇತ್ತು. ಬಸ್ ಹೊರಟು ಸ್ವಲ್ಪ ದೂರ ಹೋಗಿರಲಿಲ್ಲ, ಆ ಚೀಲ ಮೆಲ್ಲಗೆ ಅಲುಗಾಡಿತು..."

ಉತ್ತರ:

ಬಸ್ಸಿನ ಕುಲುಕಾಟ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ. ನಮ್ಮ ಬಸ್ಸಿನಲ್ಲಿ ಅಲುಗಾಡದೆ ಇರುವುದು ಅಂದರೆ ಡ್ರೈವರ್ ಮುಂದೆ ಅಂಟಿಸಿರುವ ದೇವರ ಫೋಟೋ ಒಂದೇ. ಆದರೆ ತಿಪಟೂರು ದಾಟಿದ ಮೇಲೆ ಕೊಬ್ಬರಿ ಲಾರಿಯೊಂದು ಅಡ್ಡ ಬಂದು ಬಸ್ ನಿಂತಿತು. ಬಸ್ ನಿಂತರೂ ಚೀಲ ನಿಲ್ಲಲಿಲ್ಲ. ಒಳಗಿನಿಂದ ಯಾರೋ ಮೊಣಕೈಯಲ್ಲಿ ತಿವಿದ ಹಾಗೆ ಒಂದು ಕಡೆ ಉಬ್ಬಿತು, ಮತ್ತೆ ಇನ್ನೊಂದು ಕಡೆ ಉಬ್ಬಿತು.

ನಾನು ಕಾಲು ಎರಡೂ ಮೇಲೆ ಎತ್ತಿಕೊಂಡೆ.

ನನ್ನ ಪಕ್ಕದಲ್ಲಿ, ಕಿಟಕಿ ಕಡೆಗೆ, ಒಬ್ಬರು ಅಜ್ಜಿ ಕೂತಿದ್ದರು. ಅವರಿಗೆ ಇದು ಕಂಡೇ ಇಲ್ಲವೇನೋ ಅನ್ನುವ ಹಾಗೆ ಹೊರಗಿನ ತೆಂಗಿನ ತೋಟ ನೋಡುತ್ತಾ ಇದ್ದರು.

"ಅಜ್ಜಿ, ಈ ಚೀಲದಲ್ಲಿ ಏನೋ ಇದೆ."

"ಏನಿರತ್ತೆ ಮಗ, ಸೊಪ್ಪೋ ಸದೆಯೋ ಇರತ್ತೆ. ನೀನು ಸುಮ್ನೆ ಕೂತ್ಕೊ."

ಸೊಪ್ಪು ಕೊರಗುಟ್ಟುವುದನ್ನು ನಾನು ಕೇಳಿಲ್ಲ. ಚೀಲದೊಳಗಿಂದ "ಕೊರ್ರ್... ಕೊರ್ರ್..." ಅಂತ ಸದ್ದು ಬಂತು. ಆಮೇಲೆ ಚೀಲದ ಬಾಯಿಂದ ಒಂದು ಕೆಂಪು ಜುಟ್ಟು, ಅದರ ಹಿಂದೆ ಒಂದು ಕೊಕ್ಕು, ಕೊನೆಗೆ ರೆಪ್ಪೆ ಬಡಿಯದ ಒಂದು ಕಣ್ಣು ಹೊರಗೆ ಬಂದವು. ಆ ಕಣ್ಣು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಥೇಟ್ ನಮ್ಮ ಗಣಿತದ ಮೇಡಂ ನೋಡುವ ಹಾಗೆ.

"ಕೋಳಿ!" ಅಂತ ನಾನು ಕಿರುಚಿಬಿಟ್ಟೆ.

ಬಸ್ಸಿನಲ್ಲಿದ್ದವರ ಕುತ್ತಿಗೆಗಳೆಲ್ಲ ನಮ್ಮ ಕಡೆಗೆ ತಿರುಗಿದವು. ಟಿಕೆಟ್ ಕೊಡುತ್ತಾ ಹಿಂದೆ ಹೋಗಿದ್ದ ಕಂಡಕ್ಟರ್ ಜನರ ಮಧ್ಯೆ ನುಸುಳಿಕೊಂಡು ಬಂದರು.

"ಯಾರದ್ರೀ ಈ ಕೋಳಿ?"

ಯಾರೂ ಮಾತಾಡಲಿಲ್ಲ.

"ಕೋಳಿಗೂ ಟಿಕೆಟ್ ತಗೋಬೇಕು ಅಂತ ಗೊತ್ತಿಲ್ವಾ? ಇವತ್ತು ಲೈನಲ್ಲಿ ಚೆಕಿಂಗ್ ಇದೆ. ಸಾಹೇಬ್ರು ಹತ್ತಿದ್ರೆ ಬೈಸಿಕೊಳ್ಳೋನು ನಾನು. ಹೇಳಿ, ಯಾರದು?"

ಹಿಂದಿನ ಸೀಟಿನವರು ಮುಂದಿನವರನ್ನು ನೋಡಿದರು. ಮುಂದಿನವರು ಪಕ್ಕದವರನ್ನು ನೋಡಿದರು. ಮೂರನೇ ಸಾಲಿನ ದಪ್ಪ ಮೀಸೆಯವರೊಬ್ಬರು ಎದ್ದು ನಿಂತು ಕೋಳಿಯನ್ನು ಚೆನ್ನಾಗಿ ನೋಡಿದರು. "ಒಳ್ಳೆ ನಾಟಿ ಕೋಳಿ. ಎರಡು ಕೆ.ಜಿ. ಮೇಲೇ ತೂಗತ್ತೆ. ವಾರಸುದಾರರು ಇಲ್ಲ ಅಂದ್ರೆ ನಂಗೆ ಕೊಡಿ. ಟಿಕೆಟ್ ದುಡ್ಡು ನಾನೇ ಕೊಡ್ತೀನಿ. ನಾಳೆ ಭಾನುವಾರ. ಮುದ್ದೆ ಜೊತೆಗೆ ಸಾರು ಆಗತ್ತೆ."

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಅವರ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಆಗ ನಾನು ಕೆಳಗೆ ನೋಡಿದೆ. ಚೀಲದ ಒಂದು ಹಿಡಿ ಅಜ್ಜಿಯ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿತ್ತು. ಬಸ್ ತಿರುವಿನಲ್ಲಿ ವಾಲಿದಾಗ ಚೀಲ ಜಾರದ ಹಾಗೆ ಆ ಬೆರಳು ಹಿಡಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ಅಜ್ಜಿಯ ಬೆರಳ ತುದಿಯಲ್ಲಿ ನಾಲ್ಕೈದು ರಾಗಿ ಕಾಳು ಬೇರೆ ಅಂಟಿಕೊಂಡಿದ್ದವು.

ಹೇಳಿಬಿಡಲಾ? ಹೇಳಿದರೆ ಇಷ್ಟು ಜನರ ಎದುರು ಅಜ್ಜಿಗೆ ಅವಮಾನ. ಹೇಳದೆ ಇದ್ದರೆ ಕೋಳಿ ಸಾರು. ಪರೀಕ್ಷೆಯಲ್ಲಿ ಬರುವ ಹಾಗೆ ನಾಲ್ಕು ಆಯ್ಕೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಲ್ಲಿ ಎರಡೇ ಇದ್ದವು, ಎರಡೂ ತಪ್ಪು ಉತ್ತರ.

ಮೀಸೆಯವರು ಚೀಲಕ್ಕೆ ಕೈ ಹಾಕಿದರು. ಕೋಳಿ ಮೈಯ ಗರಿಯನ್ನೆಲ್ಲ ನಿಮಿರಿಸಿ ಮತ್ತೆ "ಕೊರ್ರ್" ಅಂತು. ಟಪ್ ಅಂತ ಅವರ ಬೆರಳಿಗೆ ಕುಕ್ಕಿತು.

"ಅಯ್ಯಯ್ಯೋ!"

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲೂ ಕೋಳಿಗಳಿವೆ. ಕೋಳಿಗೆ ಕಾವು ಬಂದರೆ ಹೀಗೇ ಮಾಡುತ್ತದೆ. ಮೇಯಲು ಹೋಗುವುದಿಲ್ಲ, ಬುಟ್ಟಿ ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಮೈ ಉಬ್ಬಿಸಿಕೊಂಡು ಬೈಯುತ್ತದೆ. ನಮ್ಮವ್ವ ಅಂಥ ಕೋಳಿಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತಾಳೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಬುಟ್ಟಿಯಲ್ಲಿ ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಕೂಡ ಇಡುತ್ತಾಳೆ. (ಮೊಳೆಗೂ ಗುಡುಗಿಗೂ ಏನು ಸಂಬಂಧ ಅಂತ ಕೇಳಿದರೆ, "ನಿಮ್ಮ ವಿಜ್ಞಾನದ ಮೇಷ್ಟ್ರನ್ನೇ ಕೇಳು" ಅನ್ನುತ್ತಾಳೆ.) ಇಪ್ಪತ್ತೊಂದು ದಿನಕ್ಕೆ ಮರಿ.

"ಇದನ್ನ ಸಾರು ಮಾಡಬಾರದು!" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಇದಕ್ಕೆ ಕಾವು ಬಂದಿದೆ. ಇದನ್ನ ಎಲ್ಲೋ ಮೊಟ್ಟೆ ಮೇಲೆ ಕೂರಿಸೋಕೆ ತಗೊಂಡು ಹೋಗ್ತಿದ್ದಾರೆ."

"ಯಾರು ತಗೊಂಡು ಹೋಗ್ತಿದ್ದಾರೆ?" ಕಂಡಕ್ಟರ್ ಕೇಳಿದರು.

ನಾನು ಬಾಯಿ ಮುಚ್ಚಿಕೊಂಡೆ.

"ಹೋಗಲಿ, ನಿಂದಾ?"

"ನಂದಲ್ಲ ಅಣ್ಣ. ಆದರೆ ಅದಕ್ಕೆ ಟಿಕೆಟ್ ನಾನು ತಗೋತೀನಿ. ಟಿಕೆಟ್ ಇದ್ದ ಮೇಲೆ ಯಾರೂ ಕೆಳಗೆ ಇಳಿಸೋ ಹಾಗಿಲ್ಲ ಅಲ್ವಾ?"

ಗ್ರಾಫ್ ಪುಸ್ತಕಕ್ಕೆ ಅಂತ ಅಪ್ಪ ಕೊಟ್ಟಿದ್ದ ಇಪ್ಪತ್ತು ರೂಪಾಯಿ ನೋಟು ಕಂಪಾಸ್ ಬಾಕ್ಸಿನಲ್ಲಿತ್ತು. ಅದನ್ನು ತೆಗೆದು ಹಿಡಿದೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದಿರಲಿಲ್ಲ, ಹಾಗಾಗಿ ನೋಟು ಉಳಿದಿತ್ತು.

ಕಂಡಕ್ಟರ್ ನನ್ನ ಮುಖ ನೋಡಿದರು, ನೋಟು ನೋಡಿದರು, ಕೋಳಿಯನ್ನೂ ನೋಡಿದರು. ಆಮೇಲೆ ಟಿಕೆಟ್ ಮಿಷನ್ ಮೇಲೆ ಬೆರಳಿಟ್ಟು ಬಹಳ ಗಂಭೀರವಾಗಿ ಕೇಳಿದರು: "ಸರಿ. ಕೋಳಿ ಎಲ್ಲಿ ಇಳಿಯುತ್ತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮೂರು ಅನ್ನಲಾ, ತುರುವೇಕೆರೆ ಅನ್ನಲಾ ಅಂತ ತಡವರಿಸುತ್ತಿದ್ದೆ.

"ಆಲದಮರದ ಗೇಟು," ಅಂತ ಕಿಟಕಿ ಕಡೆಯಿಂದ ಒಂದು ಸಣ್ಣ ದನಿ ಬಂತು.

ಕಂಡಕ್ಟರ್ ಮುಖ ಅರಳಿತು. "ಓಹೋ! ಗೇಟಿನ ಹೆಸರು ಗೊತ್ತು, ಕೋಳಿ ಮಾತ್ರ ಗೊತ್ತಿಲ್ಲ ಅಲ್ವೇನಜ್ಜಿ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಾತು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಏನ್ ಮಾಡ್ಲಪ್ಪ. ನನ್ನ ಮಗಳ ಮನೇಲಿ ಕಾವಿಗೆ ಕೂರಿಸಿದ್ದ ಕೋಳೀನ ರಾತ್ರಿ ನಾಯಿ ಎಳ್ಕೊಂಡು ಹೋಯ್ತು. ಹನ್ನೆರಡು ಮೊಟ್ಟೆ, ಹತ್ತು ದಿನ ಕಾವು ಆಗಿದೆ. ಒಳಗೆ ಆಗಲೇ ಜೀವ ಆಡ್ತಿರತ್ತೆ. ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಟಿದ್ದಾಳಂತೆ. ಬೆಳಗ್ಗೆ ಫೋನ್ ಮಾಡಿ ಅತ್ತಳು. ನಮ್ಮನೇಲಿ ಇದಕ್ಕೆ ಕಾವು ಬಂದಿತ್ತಲ್ಲ, ಹಾಗೇ ಚೀಲಕ್ಕೆ ಹಾಕ್ಕೊಂಡು ಓಡಿ ಬಂದೆ. ಬಸ್ ಹತ್ತಿದ ಮೇಲೆ ನೆನಪಾಯ್ತು, ಕೈಯಲ್ಲಿ ಒಂದು ಪೈಸೆ ಇಲ್ಲ."

"ದುಡ್ಡಿಲ್ಲದೆ ಬಸ್ ಹತ್ತೋದಾ?"

"ಹೆಂಗಸರಿಗೆ ಫ್ರೀ ಆದಮೇಲೆ ಸೆರಗಿನ ತುದೀಲಿ ದುಡ್ಡು ಕಟ್ಕೊಳ್ಳೋ ಅಭ್ಯಾಸವೇ ಹೋಗಿದೆಯಪ್ಪ. ಆಧಾರ್ ಕಾರ್ಡ್ ಒಂದು ಇದ್ರೆ ಆಯ್ತು ಅಂದ್ಕೊತೀವಿ."

ಇದು ನಿಜವೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮವ್ವನೂ ಹಾಗೇ. ತವರಿಗೆ ಹೋಗುವಾಗ ಆಧಾರ್ ಕಾರ್ಡ್ ಇದೆಯಾ ಅಂತ ಮೂರು ಸಲ ನೋಡಿಕೊಳ್ಳುತ್ತಾಳೆ, ಪರ್ಸ್ ಮಾತ್ರ ಗೂಟದಲ್ಲೇ ನೇತಾಡುತ್ತಿರುತ್ತದೆ.

ಅಜ್ಜಿಗೆ ಈಗ ಧೈರ್ಯ ಬಂದಿತ್ತು. "ಅಲ್ಲಪ್ಪ, ನನಗೆ ಫ್ರೀ, ಈ ಮಗೂಗೆ ಫ್ರೀ. ಇದೂ ಹೇಂಟೆ ತಾನೆ? ಇದಕ್ಕೆ ಯಾಕೆ ದುಡ್ಡು?"

ಬಸ್ಸೇ ಘೊಳ್ ಅಂತ ನಕ್ಕಿತು. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು.

"ಆಯ್ತಜ್ಜಿ. ಅದರ ಆಧಾರ್ ಕಾರ್ಡ್ ತೋರಿಸು, ಸೊನ್ನೆ ಟಿಕೆಟ್ ಕೊಡ್ತೀನಿ," ಅಂದರು ಕಂಡಕ್ಟರ್.

ಮಿಷನ್ ಕಿರ್ ಅಂತ ಚೀಟಿ ಉಗುಳಿತು. ನನ್ನ ಟಿಕೆಟ್ಟಿನಲ್ಲಿ ಸೊನ್ನೆ ಅಂತ ಇತ್ತು, ಕೋಳಿಯದರಲ್ಲಿ ಹದಿನೈದು ರೂಪಾಯಿ ಅಂತ ಇತ್ತು. ನನಗಿಂತ ಕೋಳಿಯೇ ದೊಡ್ಡ ಮನುಷ್ಯಳಾಗಿಬಿಟ್ಟಳು. ಮೀಸೆಯವರು ಬೆರಳು ಬಾಯಲ್ಲಿಟ್ಟುಕೊಂಡೇ, "ನಾನೂ ದುಡ್ಡು ಹಾಕ್ತಿದ್ದೆ ಬಿಡಿ," ಅಂತ ಗೊಣಗಿದರು. ಕುಕ್ಕಿಸಿಕೊಂಡ ಮೇಲೆ ಅವರಿಗೆ ಸಾರಿನ ಆಸೆ ಕಡಿಮೆಯಾದ ಹಾಗೆ ಕಂಡಿತು.

ಅಜ್ಜಿ ಈಗ ಚೀಲವನ್ನು ರಾಜಾರೋಷವಾಗಿ ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಕೈ ಹಿಡಿದು ಕೋಳಿಯ ಹೊಟ್ಟೆಯ ಕೆಳಗೆ ಸೇರಿಸಿದರು. ಅಲ್ಲಿ ಗರಿ ಉದುರಿ ಬರೀ ಚರ್ಮ ಇತ್ತು, ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. "ಈ ಬಿಸಿ ಆರೋದ್ರೊಳಗೆ ಮೊಟ್ಟೆ ಮೇಲೆ ಕೂತ್ಕೋಬೇಕು ನೋಡು," ಅಂದರು. ಅಲ್ಲಿಂದ ಮುಂದೆ ಬಸ್ ಎಲ್ಲಿ ನಿಂತರೂ ಬಸ್ಸಿನಲ್ಲಿದ್ದವರೇ "ಬೇಗ ಹತ್ರೀ, ಬೇಗ ಇಳೀರೀ, ಮೊಟ್ಟೆ ಆರಿ ಹೋಗತ್ತೆ," ಅಂತ ಅವಸರ ಮಾಡತೊಡಗಿದರು. ಹೊಸದಾಗಿ ಹತ್ತಿದವರಿಗೆ ಏನೂ ಅರ್ಥವಾಗದೆ ಬಾಗಿಲಲ್ಲೇ ಪಿಳಿಪಿಳಿ ನೋಡುತ್ತಿದ್ದರು.

ಆಲದಮರದ ಗೇಟಿನಲ್ಲಿ ಅಜ್ಜಿಯ ಅಳಿಯ ಬೈಕ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು. ಅಜ್ಜಿ ಇಳಿದವರೇ, "ಮೊದಲು ಆ ಮಗೂಗೆ ಹದಿನೈದು ರೂಪಾಯಿ ಕೊಡು, ಆಮೇಲೆ ಮಾತು," ಅಂದರು. ಅವರು ಕಿಟಕಿಯಿಂದ ಇಪ್ಪತ್ತರ ನೋಟು ಕೊಟ್ಟರು. ಕಂಡಕ್ಟರ್ ಕೊಟ್ಟಿದ್ದ ಐದರ ಚಿಲ್ಲರೆಯನ್ನು ನಾನು ಅವರ ಕೈಗೆ ಹಾಕಿದೆ. ಗ್ರಾಫ್ ಪುಸ್ತಕ ಉಳಿಯಿತು.

ಅಜ್ಜಿ ಚೀಲ ತಬ್ಬಿಕೊಂಡು ಬೈಕ್ ಹತ್ತುತ್ತಿದ್ದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗಿದರು: "ಅಜ್ಜೀ, ಮರಿ ಆದಮೇಲೆ ಹನ್ನೆರಡನ್ನೂ ಚೀಲಕ್ಕೆ ತುಂಬ್ಕೊಂಡು ನನ್ನ ಬಸ್ಸಿಗೇ ಹತ್ತಬೇಡ ಮತ್ತೆ!"

ಅಜ್ಜಿ ಹಿಂದೆ ತಿರುಗಿದರು. "ಹತ್ತಲ್ಲ ಬಿಡಪ್ಪ. ಅದ್ರಲ್ಲಿ ಹುಂಜ ಎಷ್ಟು, ಹೇಂಟೆ ಎಷ್ಟು ಅಂತ ಗೊತ್ತಾಗೋವರೆಗೂ ಹತ್ತಲ್ಲ!"