ಪರೀಕ್ಷೆ ಹತ್ತಿರ ಬಂತು, ಮುಟ್ಟು ಬಂದಿಲ್ಲ

ಪ್ರಶ್ನೆ: ನನಗೆ 15 ವರ್ಷ, ಎಸ್ಸೆಸ್ಸೆಲ್ಸಿ. ದೊಡ್ಡವಳಾಗಿ ಎರಡು ವರ್ಷವಾಯ್ತು. ಸಾಮಾನ್ಯವಾಗಿ 30-35 ದಿನಕ್ಕೆ ಮುಟ್ಟಾಗುತ್ತೇನೆ. ಈ ಸಲ 43 ದಿನವಾದರೂ ಆಗಿಲ್ಲ. ಎಂಟು ದಿನದಲ್ಲಿ ಪರೀಕ್ಷೆ. ರಾತ್ರಿ 12ರವರೆಗೆ ಓದಿ 4 ಗಂಟೆಗೆ ಏಳುತ್ತೇನೆ, ಬೆಳಿಗ್ಗೆ ಬರೀ ಕಾಫಿ. ಮೆಡಿಕಲ್ ಶಾಪಿನಲ್ಲಿ ಮುಟ್ಟು ಬರಿಸುವ ಮಾತ್ರೆ ಸಿಗುತ್ತೆ ಅಂತ ಪಕ್ಕದ ಮನೆ ಅಕ್ಕ ಹೇಳಿದರು. ತಗೋಬಹುದಾ? ಅಮ್ಮನಿಗೆ ಹೇಳಿಲ್ಲ.

ಉತ್ತರ: ಆ ಮಾತ್ರೆ ಬೇಡ. ಅದನ್ನು ಕೆಲವು ದಿನ ನುಂಗಿ ನಿಲ್ಲಿಸಿದ ಮೇಲೆ, ಸಾಮಾನ್ಯವಾಗಿ ವಾರದೊಳಗೆ ರಕ್ತ ಬರುತ್ತದೆ. ಇವತ್ತು ಶುರು ಮಾಡಿದರೆ ಅದು ನಿನ್ನ ಪರೀಕ್ಷೆಯ ದಿನಗಳಿಗೇ ಬಂದು ಬೀಳುತ್ತದೆ.

ನಿನ್ನ ವಯಸ್ಸಿನಲ್ಲಿ 21ರಿಂದ 45 ದಿನದ ಅಂತರ ಸಹಜ. ಮೊದಲ ಕೆಲವು ವರ್ಷ ಅದು ಹಿಂದುಮುಂದಾಗುತ್ತಲೇ ಇರುತ್ತದೆ. ಅಂಡಾಶಯದಿಂದ ಅಂಡ ಹೊರಬಂದ ಸುಮಾರು ಎರಡು ವಾರಕ್ಕೆ ಮುಟ್ಟಾಗುವುದು. ನಿದ್ದೆಗೆಟ್ಟು, ಊಟ ಬಿಟ್ಟು, ಆತಂಕದಲ್ಲಿದ್ದರೆ ಅಂಡಾಶಯಕ್ಕೆ ಸೂಚನೆ ಕೊಡುವ ಮೆದುಳಿನ ಭಾಗ ಆ ಕೆಲಸವನ್ನು ಮುಂದೂಡುತ್ತದೆ; ಮುಟ್ಟೂ ಅಷ್ಟೇ ತಡವಾಗುತ್ತದೆ. ಪಪ್ಪಾಯಿ, ಎಳ್ಳು-ಬೆಲ್ಲ ತಿಂದು ಅದನ್ನು ಎಳೆದು ತರಲಾಗದು. ತಿನ್ನಬೇಕೆನಿಸಿದರೆ ತಿನ್ನು, ಹೊಟ್ಟೆಗಾದರೂ ಆಯಿತು! ಆದರೆ ನಾಲ್ಕು ಗಂಟೆ ನಿದ್ದೆ ಸಾಲದು, ಎಂಟು ಗಂಟೆಯಾದರೂ ಮಲಗು. ಕಾಫಿಗೆ ಮುಂಚೆ ಇಡ್ಲಿಯೋ ಉಪ್ಪಿಟ್ಟೋ ತಿನ್ನು. ಓದಿದ್ದು ನೆನಪಿನಲ್ಲಿ ಉಳಿಯುವುದಕ್ಕೂ ನಿದ್ದೆ ಬೇಕು.

ಇದೊಂದನ್ನು ಎಲ್ಲ ಹುಡುಗಿಯರಿಗೂ ಕೇಳುತ್ತೇವೆ, ತಪ್ಪು ತಿಳಿಯಬೇಡ. ಯಾರೊಂದಿಗಾದರೂ ದೈಹಿಕ ಸಂಪರ್ಕ ಆಗಿದ್ದರೆ ಕಾಯಬೇಡ. ಆಗಿ ಮೂರು ವಾರ ಕಳೆದಿದ್ದರೆ ಬೆಳಗಿನ ಮೊದಲ ಮೂತ್ರದಲ್ಲಿ ಗರ್ಭಧಾರಣೆಯ ಪರೀಕ್ಷೆ ಮಾಡಿದರೆ ನಂಬಬಹುದಾದ ಉತ್ತರ ಸಿಗುತ್ತದೆ. ಕಳೆಯದಿದ್ದರೂ ವೈದ್ಯರ ಹತ್ತಿರ ಹೋಗು. ಯಾರಾದರೂ ಬಲವಂತ ಮಾಡಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು, ತಪ್ಪು ನಿನ್ನದಲ್ಲ.

ಅಂಥದ್ದೇನೂ ಇಲ್ಲದಿದ್ದರೆ ಪರೀಕ್ಷೆ ಮುಗಿಯುವವರೆಗೆ ಕಾಯಬಹುದು. ಹಿಂದಿನ ಮುಟ್ಟಿನಿಂದ 90 ದಿನ ಕಳೆದರೆ ಸ್ತ್ರೀರೋಗ ತಜ್ಞರಿಗೆ ತೋರಿಸು. ಮುಖದಲ್ಲಿ ದಪ್ಪ ಕೂದಲು, ತೂಕದಲ್ಲಿ ದಿಢೀರ್ ಏರಿಳಿತ, ಎದೆಯಿಂದ ಹಾಲಿನಂಥ ಸ್ರಾವ ಇದ್ದರೆ ಅಷ್ಟು ದಿನ ಕಾಯಬೇಡ. ಕಿಬ್ಬೊಟ್ಟೆ ತಡೆಯಲಾರದಷ್ಟು ನೋಯುತ್ತಿದ್ದರೆ, ತಲೆಸುತ್ತಿ ಬಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗು.

ಪರೀಕ್ಷೆಯ ದಿನಗಳಲ್ಲಿ ತೆಳು ಪ್ಯಾಡ್ ಹಾಕಿಕೊಂಡೇ ಹೋಗು. ಇನ್ನೆರಡು ಪ್ಯಾಡ್, ಒಂದು ಒಳಉಡುಪು, ಹಳೆ ಪೇಪರ್ ಬ್ಯಾಗಿನಲ್ಲಿರಲಿ. ನಡುವೆ ಮುಟ್ಟಾದರೆ ಕೊಠಡಿ ಮೇಲ್ವಿಚಾರಕರಿಗೆ "ಶೌಚಾಲಯಕ್ಕೆ ಹೋಗಬೇಕು" ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಹೊಟ್ಟೆನೋವಿಗೆ ಏನಾದರೂ ತಿಂದು 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಒಂದು ತಗೋ (ಅದರ ಅಲರ್ಜಿ, ಲಿವರ್ ತೊಂದರೆ ಇದ್ದರೆ ಬೇಡ). ಇನ್ನೊಂದು ಬೇಕಾದರೆ ಆರು ಗಂಟೆ ಬಿಡಬೇಕು.

ಅಮ್ಮನಿಗೆ ಇವತ್ತೇ ಹೇಳು. "ಅಮ್ಮಾ, ಈ ಸಲ ಹತ್ತು ದಿನ ಲೇಟಾಗಿದೆ, ಭಯ ಆಗ್ತಿದೆ" ಎನ್ನುವಷ್ಟು ಸಾಕು.